ಕೂಗು ಹರಾಜೋ, ಮುಚ್ಚಿದ ಲಕೋಟೆಯೋ? ಹುಣಸೆಮರ ಮಾರುವವರಿಗೂ ಹಿಡಿಯುವವರಿಗೂ ಒಂದು ಲೆಕ್ಕ

ಈ ಪ್ರಶ್ನೆ ನನಗೆ ಎರಡು ದಿಕ್ಕಿನಿಂದ ಬಂದಿದೆ. ಮೊದಲನೆಯದು ತುಮಕೂರು ಕಡೆಯ ಒಂದು ದೇವಸ್ಥಾನ ಸಮಿತಿಯವರದು. ದೇವರ ಹೆಸರಿನಲ್ಲಿ 32 ಹುಣಸೆಮರಗಳಿವೆ. ಪ್ರತಿ ವರ್ಷ ಅರಳಿಕಟ್ಟೆ ಮುಂದೆ ಜನ ಸೇರಿಸಿ, ಕೂಗಿಸಿ, ಫಸಲು ಮಾರುತ್ತಾರೆ. ಈ ಸಲ ಸಮಿತಿಗೆ ಬಂದಿರುವ ಹೊಸ ಹುಡುಗರು "ಟೆಂಡರ್ ಕರೆಯೋಣ, ದುಡ್ಡು ಜಾಸ್ತಿ ಬರುತ್ತೆ" ಅಂತ ಹಟ ಹಿಡಿದಿದ್ದಾರಂತೆ. ಎರಡನೆಯದು ಅಂಥ ಮರಗಳನ್ನು ಗುತ್ತಿಗೆ ಹಿಡಿಯುವವರೊಬ್ಬರದು. "ಸಾರ್, ಗೆದ್ದ ವರ್ಷವೆಲ್ಲ ಕೈ ಸುಟ್ಟುಕೊಂಡೆ. ಸೋತ ವರ್ಷ ಬಚಾವಾದೆ. ಹದಿನೈದು ವರ್ಷದಿಂದ ಮರ ನೋಡ್ತಿದ್ದೀನಿ, ಅಂದಾಜು ಅಷ್ಟೊಂದು ತಪ್ಪಲ್ಲ. ಹಂಗಾದ್ರೆ ಎಲ್ಲಿ ಎಡವುತ್ತಿದ್ದೀನಿ?"

ಇಬ್ಬರ ಪ್ರಶ್ನೆಯೂ ಒಂದೇ ಗಂಟಿನ ಎರಡು ತುದಿ. ಅದಕ್ಕೇ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಏನನ್ನು ನೋಡಬೇಕು

ಹರಾಜಿನಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಎಲ್ಲರಿಗೂ ಗೊತ್ತಿರುವ ಕೂಗು ಹರಾಜು: ಬೆಲೆ ಏರುತ್ತಾ ಹೋಗುತ್ತದೆ, ಕೊನೆಗೆ ಉಳಿದವನಿಗೆ ಮಾಲು. ಅದರ ತಲೆಕೆಳಗು ಇಳಿ ಹರಾಜು: ಬೆಲೆ ಮೇಲಿನಿಂದ ಇಳಿಯುತ್ತಾ ಬರುತ್ತದೆ, ಮೊದಲು ಬಟನ್ ಒತ್ತಿದವನಿಗೆ ಮಾಲು. ಹಾಲೆಂಡಿನ ಹೂವಿನ ಮಾರುಕಟ್ಟೆಯಿಂದ ಹೆಸರಾದ ಈ ಪದ್ಧತಿ ಬೆಂಗಳೂರಿನ ಹೆಬ್ಬಾಳದ ಹೂವಿನ ಹರಾಜು ಕೇಂದ್ರಕ್ಕೂ ಬಂದಿದೆ. ಮೂರನೆಯದು ಮುಚ್ಚಿದ ಲಕೋಟೆ, ಅಂದರೆ ನಮ್ಮ ಟೆಂಡರ್: ಜಾಸ್ತಿ ಬರೆದವನು ತಾನು ಬರೆದಷ್ಟನ್ನು ಕೊಡುತ್ತಾನೆ. ರಾಜ್ಯದ ಎಪಿಎಂಸಿಗಳಲ್ಲಿ 2014ರಿಂದ ಬಂದ ಆನ್‌ಲೈನ್ ವ್ಯವಸ್ಥೆಯಲ್ಲೂ ವರ್ತಕರು ಹೀಗೇ ಗುಟ್ಟಾಗಿ ಬೆಲೆ ಹಾಕುತ್ತಾರೆ. ನಾಲ್ಕನೆಯದು ಸ್ವಲ್ಪ ವಿಚಿತ್ರ. ಅದೂ ಲಕೋಟೆಯೇ, ಆದರೆ ಗೆದ್ದವನು ಕೊಡಬೇಕಾದದ್ದು ಎರಡನೆಯವನು ಬರೆದ ಬೆಲೆ.

ಇವುಗಳಲ್ಲಿ ಆರಿಸುವ ಮುಂಚೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಮಾಲಿನ ಬೆಲೆ ಒಬ್ಬೊಬ್ಬರಿಗೆ ಒಂದೊಂದೋ, ಅಥವಾ ಎಲ್ಲರಿಗೂ ಒಂದೇ ಆಗಿದ್ದು ಯಾರಿಗೂ ಸರಿಯಾಗಿ ಗೊತ್ತಿಲ್ಲವೋ? ಎಷ್ಟು ಜನ ಬರುತ್ತಾರೆ, ಅವರು ಮೊದಲೇ ಮಾತಾಡಿಕೊಂಡು ಬರುವವರೋ? ಗೆದ್ದವನು ಕೊನೆಯ ಕಂತಿನವರೆಗೂ ದುಡ್ಡು ಕಟ್ಟುತ್ತಾನಾ? ಸೋತವರು ಮನೆಗೆ ಹೋಗುವಾಗ "ಮೋಸ ಏನೂ ಆಗಿಲ್ಲ" ಅಂದುಕೊಂಡು ಹೋಗುತ್ತಾರಾ?

ಮೊದಲನೇ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಅಲ್ಲಿಂದಲೇ ಶುರು ಮಾಡೋಣ.

ಬೆಲೆ ಅವರವರ ಮನಸ್ಸಿನದಾದರೆ

ನಾಯಕನಹಟ್ಟಿ ತೇರಿನ ಮುಕ್ತಿ ಬಾವುಟ ನಿಮಗೆ ಗೊತ್ತಿರಬಹುದು. ತೇರು ಎಳೆಯುವ ಮುಂಚೆ ಅದನ್ನು ಹರಾಜು ಹಾಕುತ್ತಾರೆ, ಲಕ್ಷಗಳಲ್ಲಿ ಕೂಗುತ್ತಾರೆ. ಆ ಬಾವುಟವನ್ನು ಯಾರೂ ನಾಳೆ ಮಾರಲು ಕೊಳ್ಳುವುದಿಲ್ಲ. ಒಬ್ಬರ ಹರಕೆ ಇನ್ನೊಬ್ಬರ ಹರಕೆಯನ್ನು ಜಾಸ್ತಿಯೂ ಮಾಡುವುದಿಲ್ಲ, ಕಡಿಮೆಯೂ ಮಾಡುವುದಿಲ್ಲ. ಬೆಲೆ ಪೂರ್ತಿ ಅವರವರದೇ.

ಇಂಥ ಒಂದು ವಸ್ತುವಿಗೆ ನಾಲ್ಕು ಜನ ಬಂದಿದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರ ಮನಸ್ಸಿನ ಬೆಲೆ ಸೊನ್ನೆಯಿಂದ 1 ಲಕ್ಷದೊಳಗೆ ಎಲ್ಲಿ ಬೇಕಾದರೂ ಇರಬಹುದು. ಸರಾಸರಿ ನೋಡಿದರೆ ಆ ನಾಲ್ಕು ಬೆಲೆಗಳು 20, 40, 60, 80 ಸಾವಿರದ ಹತ್ತಿರ ಹರಡಿಕೊಳ್ಳುತ್ತವೆ.

ಕೂಗಿದರೆ ಏನಾಗುತ್ತದೆ? 60 ಸಾವಿರದವನು ಸುಮ್ಮನಾದ ಕ್ಷಣ 80 ಸಾವಿರದವನು ಗೆಲ್ಲುತ್ತಾನೆ. ಕೊಡುವುದು 60 ಸಾವಿರ, ಅದರ ಮೇಲೆ ಚಿಲ್ಲರೆ. ಎರಡನೇ ಬೆಲೆಯ ಲಕೋಟೆಯಾದರೆ ಎಲ್ಲರೂ ತಮ್ಮ ಮನಸ್ಸಿನ ಬೆಲೆಯನ್ನೇ ಬರೆಯುವುದು ಜಾಣತನ. ಯಾಕೆಂದರೆ ಕೊಡಬೇಕಾದ ಮೊತ್ತವನ್ನು ನಿಮ್ಮ ಬರಹ ತೀರ್ಮಾನಿಸುವುದಿಲ್ಲ. ಕಡಿಮೆ ಬರೆದರೆ ಗೆಲ್ಲುವ ಅವಕಾಶ ಮಾತ್ರ ಹೋಗುತ್ತದೆ. ಅಲ್ಲೂ 60 ಸಾವಿರ ಸಿಕ್ಕಿತು.

ಮಾಮೂಲಿ ಲಕೋಟೆಯಲ್ಲಿ? ನಮ್ಮ ಹುಡುಗರು ಹೇಳುವುದು, "80 ಸಾವಿರದವನು 80 ಬರೀತಾನೆ, ನಮಗೆ 20 ಸಾವಿರ ಲಾಭ" ಅಂತ. ಇಲ್ಲ, ಅವನು 80 ಬರೆಯುವುದಿಲ್ಲ. ಬರೆದರೆ ಗೆದ್ದೂ ಅವನಿಗೆ ಏನೂ ಉಳಿಯಲಿಲ್ಲ. ಅವನು ಹೀಗೆ ಯೋಚಿಸುತ್ತಾನೆ: "ನಂದೇ ದೊಡ್ಡ ಬೆಲೆಯಾದರೆ ಮಿಕ್ಕ ಮೂವರು 80ರ ಕೆಳಗೇ ಇದ್ದಾರೆ. ಸಮನಾಗಿ ಹಂಚಿಕೊಂಡಿದ್ದರೆ 20, 40, 60ರ ಹತ್ತಿರ. ಅವರಲ್ಲಿ ಮೇಲಿನವನನ್ನು ದಾಟಿದರೆ ಸಾಕು." ಹಾಗಾಗಿ 60 ಬರೆಯುತ್ತಾನೆ, ಅಂದರೆ ಮನಸ್ಸಿನ ಬೆಲೆಯ ಮುಕ್ಕಾಲು. ನಾಲ್ಕು ಜನ ಇದ್ದಾಗ ಎಲ್ಲರೂ ಹೀಗೆ ಮುಕ್ಕಾಲು ಬರೆಯುವುದೇ ಸಮತೂಕದ ಲೆಕ್ಕ. ಇಳಿ ಹರಾಜಿನಲ್ಲೂ ಅವನ ಮುಂದಿರುವ ಪ್ರಶ್ನೆ ಇದೇ, "ಎಷ್ಟಕ್ಕೆ ಇಳಿದಾಗ ಒತ್ತಲಿ?" ಉತ್ತರವೂ 60.

ನಾಲ್ಕೂ ದಾರಿ, ಒಂದೇ ಊರು. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ಇದನ್ನು ಮೊದಲು ತೋರಿಸಿದರು. 1981ರಲ್ಲಿ ರೋಜರ್ ಮೈಯರ್ಸನ್ ಇದನ್ನು ಪೂರ್ತಿ ಸಾಮಾನ್ಯ ರೂಪಕ್ಕೆ ತಂದರು. ಜಾನ್ ರೈಲಿ ಮತ್ತು ವಿಲಿಯಂ ಸ್ಯಾಮುಯೆಲ್ಸನ್ ಅದೇ ವರ್ಷ ತಮ್ಮದೇ ದಾರಿಯಲ್ಲಿ ಅಲ್ಲಿಗೆ ಬಂದರು. ಆದಾಯ ಸಮಾನತೆ ಅಂತ ಅದಕ್ಕೆ ಹೆಸರು. ವಿಕ್ರಿ ಅವರಿಗೆ 1996ರಲ್ಲಿ ನೊಬೆಲ್ ಘೋಷಣೆಯಾಯಿತು. ಮೂರೇ ದಿನಕ್ಕೆ ತೀರಿಕೊಂಡರು.

ಒಂದು ಎಚ್ಚರಿಕೆ. ಸಮ ಆಗುವುದು ಸರಾಸರಿ ಮಾತ್ರ, ಪ್ರತಿ ವರ್ಷದ ಮೊತ್ತ ಅಲ್ಲ. ಮೇಲಿನವನು 90 ಸಾವಿರದವನು, ಎರಡನೆಯವನು 30 ಸಾವಿರದವನು ಅಂದುಕೊಳ್ಳಿ. ಕೂಗಿದರೆ 30 ಸಾವಿರಕ್ಕೇ ಮುಗಿಯಿತು, ಲಕೋಟೆಯಾದರೆ 67,500 ಬರುತ್ತಿತ್ತು. ಇನ್ನೊಂದು ವರ್ಷ 80 ಮತ್ತು 78 ಬಂದರೆ ಕೂಗಿನಲ್ಲಿ 78 ಸಾವಿರ, ಲಕೋಟೆಯಲ್ಲಿ 60. ಕೂಗಿನ ಆದಾಯ ಜಾಸ್ತಿ ಜಿಗಿದಾಡುತ್ತದೆ, ಲಕೋಟೆಯದು ಕಡಿಮೆ. ಈ ದುಡ್ಡಿನಲ್ಲೇ ಅರ್ಚಕರ ಸಂಬಳ ಆಗಬೇಕು ಅನ್ನುವ ಸಣ್ಣ ಸಮಿತಿಗೆ ಇದೊಂದು ನಿಜವಾದ ಕಾರಣ. ಹಾಗೇ, ಬಂದವರು ಸೋಲಿಗೆ ತುಂಬಾ ಹೆದರುವವರಾದರೆ ಲಕೋಟೆಯಲ್ಲಿ ಕೈ ಬಿಗಿ ಸಡಿಲಿಸಿ ಸ್ವಲ್ಪ ಜಾಸ್ತಿಯೇ ಬರೆಯುತ್ತಾರೆ. ಅಲ್ಲಿಗೆ ಸಮಾನತೆ ಮುರಿದು ಲಕೋಟೆಯ ಕಡೆ ವಾಲುತ್ತದೆ.

ಆದರೆ ಇಷ್ಟೆಲ್ಲ ಜಗಳವಾಡುವ ಹೊತ್ತಿನಲ್ಲಿ ಇನ್ನೊಬ್ಬನನ್ನು ಹರಾಜಿಗೆ ಕರೆತಂದರೆ ಅದೇ ಮೇಲು. ಇದನ್ನು ಸುಮ್ನೆ ಹೇಳುತ್ತಿಲ್ಲ. ಅದೇ ಲೆಕ್ಕದಲ್ಲಿ ಇಬ್ಬರೇ ಬಂದರೆ ಸರಾಸರಿ 33 ಸಾವಿರ ಸಿಗುತ್ತದೆ. ಸರ್ಕಾರಿ ಸವಾಲು ಅಂತೀವಲ್ಲ, ಆ ಕನಿಷ್ಠ ಬೆಲೆಯನ್ನು ಎಷ್ಟು ಜಾಣತನದಿಂದ ಇಟ್ಟರೂ ಅದು 42 ಸಾವಿರದ ಹತ್ತಿರ ನಿಲ್ಲುತ್ತದೆ. ಕನಿಷ್ಠ ಬೆಲೆಯನ್ನೇ ಇಡದೆ ಮೂರನೆಯವನೊಬ್ಬನನ್ನು ಕರೆಸಿದರೆ 50 ಸಾವಿರ. ಬ್ಯುಲೋ ಮತ್ತು ಕ್ಲೆಂಪರರ್ ಅನ್ನುವ ಅರ್ಥಶಾಸ್ತ್ರಜ್ಞರು 1996ರಲ್ಲಿ ತೋರಿಸಿದ್ದು ಇದನ್ನೇ. ಪಕ್ಕದ ತಾಲ್ಲೂಕಿಗೆ ನಾಲ್ಕು ಫೋನ್ ಮಾಡುವುದು ನಿಯಮಾವಳಿ ತಿದ್ದುವುದಕ್ಕಿಂತ ಲಾಭದ ಕೆಲಸ.

ಹುಣಸೆಮರ ಬಾವುಟವಲ್ಲ

ಈಗ ಮರಗಳಿಗೆ ಬರೋಣ. 32 ಮರದಲ್ಲಿ ಎಷ್ಟು ಕ್ವಿಂಟಾಲ್ ಇದೆ ಅನ್ನುವುದು ಯಾರು ಗೆದ್ದರೂ ಅಷ್ಟೇ. ತುಮಕೂರಿನಲ್ಲೋ ಹಿಂದೂಪುರದಲ್ಲೋ ಆ ದಿನದ ಧಾರಣೆ ಎಲ್ಲರಿಗೂ ಒಂದೇ. ಉದುರಿಸುವ ಕೂಲಿ, ಸಿಪ್ಪೆ ಬಿಡಿಸಿ ಬೀಜ ತೆಗೆಸುವ ಕೂಲಿ ಹೆಚ್ಚುಕಮ್ಮಿ ಎಲ್ಲರಿಗೂ ಒಂದೇ. ಅಂದರೆ ಫಸಲಿನ ನಿಜವಾದ ಬೆಲೆ ಒಂದೇ. ಆದರೆ ಹರಾಜಿನ ದಿನ ಅದು ಕೊಂಬೆಯ ಮೇಲಿದೆ. ಪ್ರತಿಯೊಬ್ಬನೂ ಕತ್ತೆತ್ತಿ ನೋಡಿ ಅಂದಾಜು ಮಾಡುತ್ತಾನೆ. ಒಬ್ಬನಿಗೆ ಜಾಸ್ತಿ ಕಾಣುತ್ತದೆ, ಒಬ್ಬನಿಗೆ ಕಡಿಮೆ.

ಇದರಲ್ಲಿರುವ ಗುಂಡಿಯನ್ನು ನಾನು ಮನೆಯಲ್ಲೇ ಒಮ್ಮೆ ತೋಡಿ ನೋಡಿದ್ದೇನೆ. ಗೌರಿ ಹಬ್ಬಕ್ಕೆ ಎಲ್ಲ ಸೇರಿದ್ದರು. ಖಾಲಿ ಗಾಜಿನ ಬಾಟಲಿಗೆ ಒಂದು, ಎರಡು ರೂಪಾಯಿ ನಾಣ್ಯ ತುಂಬಿಸಿ, ಎಣಿಸಿ 412 ರೂಪಾಯಿ ಮಾಡಿಟ್ಟೆ. "ಇದನ್ನು ಹರಾಜು ಹಾಕ್ತೀನಿ. ಗೆದ್ದವರು ಬರೆದಷ್ಟು ನನಗೆ ಕೊಡಿ, ಒಳಗಿರೋದನ್ನ ತಗೊಳ್ಳಿ" ಅಂದೆ. ಅತ್ತೆ ಬಾಟಲಿ ಅಲ್ಲಾಡಿಸಿ ಕಿವಿಗಿಟ್ಟುಕೊಂಡರು. ಒಬ್ಬ ಹುಡುಗ ಫೋನಿನಲ್ಲಿ ಲೆಕ್ಕ ಹಾಕಿದ. ಹನ್ನೊಂದು ಚೀಟಿ ಬಂದವು. ಹೆಚ್ಚಿನವರು ಬರೆದದ್ದು ಮುನ್ನೂರರ ಆಸುಪಾಸು. ಭಾವ 520 ಬರೆದು ಗೆದ್ದರು. ಎಣಿಸಿ ಮುಗಿಸಿದಾಗ ಭಾವ ಇನ್ನೊಂದು ಸಲ ಎಣಿಸಿದರು.

ನೋಡಿ, ಮನೆಮಂದಿಯ ಸರಾಸರಿ ಅಂದಾಜು ನಿಜಕ್ಕಿಂತ ಕೆಳಗೇ ಇತ್ತು. ಆದರೂ ಗೆದ್ದವರಿಗೆ ಲಾಸು. ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಬೇಜರ್‌ಮನ್ ಮತ್ತು ಸ್ಯಾಮುಯೆಲ್ಸನ್ ಅಮೆರಿಕದಲ್ಲಿ ಎಂಬಿಎ ವಿದ್ಯಾರ್ಥಿಗಳ ಮುಂದೆ 8 ಡಾಲರ್ ಬೆಲೆಯ ಬಾಟಲಿಗಳನ್ನಿಟ್ಟರು. ಸರಾಸರಿ ಅಂದಾಜು 5.13 ಡಾಲರ್, ಗೆದ್ದವರ ಸರಾಸರಿ ಬೆಲೆ 10.01 ಡಾಲರ್. ಅದು 1983ರಲ್ಲಿ ಅಚ್ಚಾಯಿತು.

ಈ ಕಾಯಿಲೆಯನ್ನು ಮೊದಲು ಹಿಡಿದವರು ತೈಲ ಕಂಪನಿಯ ಎಂಜಿನಿಯರುಗಳು. ಅಟ್ಲಾಂಟಿಕ್ ರಿಚ್‌ಫೀಲ್ಡ್‌ನ ಕೇಪನ್, ಕ್ಲ್ಯಾಪ್, ಕ್ಯಾಂಪ್‌ಬೆಲ್ ಅನ್ನುವ ಮೂವರು 1971ರಲ್ಲಿ ಬರೆದರು: ಮೆಕ್ಸಿಕೋ ಕೊಲ್ಲಿಯ ತೈಲ ನಿಕ್ಷೇಪಗಳಿಗೆ ಕಂಪನಿಗಳು ಲಕೋಟೆಯಲ್ಲಿ ಬೆಲೆ ಹಾಕುತ್ತವೆ, ಗೆಲ್ಲುತ್ತವೆ, ಆದರೆ ನಿರೀಕ್ಷಿಸಿದ ಲಾಭ ಬರುವುದಿಲ್ಲ. 1969ರ ಅಲಾಸ್ಕಾ ಮಾರಾಟದಲ್ಲಿ ಗೆದ್ದವರು ಕೊಟ್ಟ ಒಟ್ಟು ಮೊತ್ತ ಸುಮಾರು 90 ಕೋಟಿ ಡಾಲರ್. ಎರಡನೇ ಸ್ಥಾನದವರು ಬರೆದದ್ದನ್ನೆಲ್ಲ ಕೂಡಿಸಿದರೆ 37 ಕೋಟಿ. ಒಂದೇ ನೆಲ, ಒಂದೇ ತೈಲ!

ಕೋರ್ಟು ಕಚೇರಿ ಬಗ್ಗೆ ನಮ್ಮಲ್ಲಿ ಒಂದು ಮಾತಿದೆ: ಗೆದ್ದವನು ಸೋತ, ಸೋತವನು ಸತ್ತ. ಹರಾಜಿನಲ್ಲಿ ಅದರ ಅರ್ಧ ಮಾತ್ರ ನಿಜ. ಗೆದ್ದವನು ಸೋತ, ಸೋತವನು ಬಚಾವಾದ.

ಈಗ ಗುತ್ತಿಗೆದಾರರ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರ. ಖರ್ಚೆಲ್ಲ ಕಳೆದು ಫಸಲಿನ ನಿಜವಾದ ಬೆಲೆ 1 ಲಕ್ಷ ಅಂದುಕೊಳ್ಳಿ. ಐದು ಜನ ಮರ ನೋಡಿದ್ದಾರೆ. ಎಲ್ಲರೂ ಅನುಭವಸ್ಥರು, ಯಾರ ಅಂದಾಜೂ 20 ಸಾವಿರಕ್ಕಿಂತ ಆಚೀಚೆ ಹೋಗುವುದಿಲ್ಲ. ಹಾಗಿದ್ದರೆ ಐದು ಅಂದಾಜುಗಳು ಸರಾಸರಿ 86,700, 93,300, 1,00,000, 1,06,700, 1,13,300ರ ಹತ್ತಿರ ಬೀಳುತ್ತವೆ. ಐವರನ್ನೂ ಸೇರಿಸಿ ನೋಡಿದರೆ ಅಂದಾಜು ಸರಿಯಾಗೇ ಇದೆ. ಆದರೆ ಗೆಲ್ಲುವುದು ಸರಾಸರಿಯವನಲ್ಲ, 1,13,300 ಅಂದುಕೊಂಡವನು. ಅವನು "ಐದು ಸಾವಿರ ನನ್ನ ಲಾಭ ಇರಲಿ" ಅಂತ ಕಳೆದು 1,08,300 ಬರೆದರೂ ಎಂಟು ಸಾವಿರ ಕೈಬಿಟ್ಟಂತೆ.

ನಿಮ್ಮ ಅಂದಾಜು ತಪ್ಪಲ್ಲ ಸ್ವಾಮಿ. ನೀವು ಗೆದ್ದ ವರ್ಷಗಳೆಂದರೆ ನಿಮ್ಮ ಅಂದಾಜು ಮೇಲಕ್ಕೆ ತಪ್ಪಿದ ವರ್ಷಗಳು. ಕೆಳಕ್ಕೆ ತಪ್ಪಿದ ವರ್ಷ ನೀವು ಸೋತಿರುತ್ತೀರಿ, ಅದರ ಲೆಕ್ಕ ಯಾರೂ ಇಡುವುದಿಲ್ಲ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಜಾಸ್ತಿ ಜನ ಬಂದರೆ "ಪೈಪೋಟಿ ಜೋರಿದೆ, ಇನ್ನೂ ಏರಿಸಬೇಕು" ಅನ್ನಿಸುತ್ತದೆ ಅಲ್ವಾ? ಆದರೆ ಅಂದಾಜು ಮಾಡುವವರು ಜಾಸ್ತಿಯಾದಷ್ಟೂ ಅವರಲ್ಲಿ ಅತಿ ಮೇಲಿನ ಅಂದಾಜು ನಿಜದಿಂದ ಇನ್ನೂ ದೂರ ಹೋಗುತ್ತದೆ. ಇದೇ ಲೆಕ್ಕದಲ್ಲಿ ಇಬ್ಬರೇ ಇದ್ದರೆ ಗೆದ್ದವನ ಅಂದಾಜು 6,700 ಜಾಸ್ತಿ ಇರುತ್ತದೆ. ಐದು ಜನ ಇದ್ದರೆ 13,300. ಹತ್ತು ಜನ ಇದ್ದರೆ 16,400. ಲಾಸೂ ಇಲ್ಲ, ಲಾಭವೂ ಇಲ್ಲ ಅನ್ನುವಂತಾಗಲಿಕ್ಕೇ ಅಷ್ಟು ಕಳೆಯಬೇಕು. ಲಾಭ ಬೇಕಾದರೆ ಇನ್ನೂ ಇಳಿಸಬೇಕು. ಬಾವುಟದ ಹರಾಜಿನಲ್ಲಿ ಜನ ಜಾಸ್ತಿಯಾದರೆ ಏರಿಸುವುದು ಸರಿ. ಹುಣಸೆಯಲ್ಲಿ ಅದರ ಜೊತೆಗೇ ಈ ಇಳಿಕೆಯೂ ಇದೆ, ಮತ್ತು ಹಲವು ಸಲ ಇದೇ ದೊಡ್ಡದು.

ಹಾಗಾದರೆ ಸಮಿತಿಗೆ ಯಾವುದು?

ಬಂದವರೆಲ್ಲ ಈ ಗುಂಡಿಯನ್ನು ತಿಳಿದವರು ಅಂದುಕೊಳ್ಳೋಣ. ಆಗ ನಾಲ್ಕು ದಾರಿಯೂ ಒಂದೇ ಊರಿಗೆ ಹೋಗುವುದಿಲ್ಲ. ಮೇಲಿನ ಐದು ಜನರ ಲೆಕ್ಕವನ್ನೇ ಮುಂದುವರಿಸಿದರೆ, ಮಾಮೂಲಿ ಲಕೋಟೆಯಲ್ಲಿ ಪ್ರತಿಯೊಬ್ಬನೂ ತನ್ನ ಅಂದಾಜಿನಿಂದ ಹೆಚ್ಚುಕಮ್ಮಿ ಪೂರ್ತಿ 20 ಸಾವಿರ ಕಳೆದು ಬರೆಯುತ್ತಾನೆ. ಸಮಿತಿಗೆ ಸರಾಸರಿ 93,300 ಬರುತ್ತದೆ. ಇಳಿ ಹರಾಜಿನಲ್ಲೂ ಅಷ್ಟೇ, ಯಾಕೆಂದರೆ ಅಲ್ಲೂ ಮುಗಿಯುವವರೆಗೆ ಬೇರೆಯವರ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯುವುದಿಲ್ಲ. ಎರಡನೇ ಬೆಲೆಯ ಲಕೋಟೆಯಲ್ಲಿ ಸುಮಾರು 94,700. ಕೂಗು ಹರಾಜಿನಲ್ಲಿ 96,700.

ಕೂಗಿಗೆ ಈ ಮೂರು ಸಾವಿರ ಎಲ್ಲಿಂದ ಬಂತು? ಅರಳಿಕಟ್ಟೆ ಮುಂದೆ ನಿಂತವನು ಬರೀ ಕೂಗುತ್ತಿಲ್ಲ, ನೋಡುತ್ತಲೂ ಇದ್ದಾನೆ. ಯಾರು ಎಷ್ಟಕ್ಕೆ ಸುಮ್ಮನಾದ, ಮೂವತ್ತು ವರ್ಷದಿಂದ ಹುಣಸೆ ಹಿಡಿಯುವ ಅಜ್ಜ ಇನ್ನೂ ಟವೆಲ್ ಕೊಡವಿ ಎದ್ದಿಲ್ಲವಲ್ಲ, ಎಲ್ಲವೂ ಅವನಿಗೆ ಸುದ್ದಿ. ಬೇರೆಯವರ ಅಂದಾಜು ಕಣ್ಣಿಗೆ ಬಿದ್ದಷ್ಟೂ "ನಾನೊಬ್ಬನೇ ದಡ್ಡನಾಗುತ್ತಿದ್ದೇನಾ" ಅನ್ನುವ ಭಯ ಕಡಿಮೆಯಾಗುತ್ತದೆ. ಭಯ ಕಡಿಮೆಯಾದರೆ ಕೈ ಬಿಚ್ಚುತ್ತಾನೆ. ಮಿಲ್‌ಗ್ರೋಮ್ ಮತ್ತು ವೆಬರ್ 1982ರಲ್ಲಿ ಇದನ್ನು ಗಣಿತದಲ್ಲಿ ಕಟ್ಟಿಕೊಟ್ಟರು. ಮಿಲ್‌ಗ್ರೋಮ್‌ಗೂ ಅವರ ಗುರು ವಿಲ್ಸನ್‌ಗೂ 2020ರಲ್ಲಿ ನೊಬೆಲ್ ಬಂತು.

ಅದೇ ಕಾರಣಕ್ಕೆ ಸಮಿತಿಯವರಿಗೆ ನನ್ನ ಮೊದಲ ಸಲಹೆ ಹರಾಜಿನ ಬಗೆಯ ಬಗ್ಗೆ ಅಲ್ಲವೇ ಅಲ್ಲ. ಕಳೆದ ಐದು ವರ್ಷ ಎಷ್ಟು ಕ್ವಿಂಟಾಲ್ ಬಂತು ಅನ್ನುವ ತೂಕದ ಚೀಟಿಗಳಿದ್ದರೆ ನೋಟಿಸ್ ಬೋರ್ಡಿಗೆ ಅಂಟಿಸಿ. ಇಲ್ಲದಿದ್ದರೆ ಈ ವರ್ಷದಿಂದ ತೂಕ ಬರೆಸಿಕೊಳ್ಳುವುದನ್ನು ಗುತ್ತಿಗೆಯ ಷರತ್ತು ಮಾಡಿ. ಈಗ ಆ ಲೆಕ್ಕ ಗೊತ್ತಿರುವುದು ಹೋದ ವರ್ಷ ಮರ ಹಿಡಿದವನೊಬ್ಬನಿಗೆ ಮಾತ್ರ. ಅವನಿಗೆ ಗೊತ್ತಿದೆ ಅನ್ನುವುದು ಹೊಸಬರಿಗೂ ಗೊತ್ತು. ಅವನು ಬಿಟ್ಟುಕೊಟ್ಟ ಮರ ಅಂದರೆ ಏನೋ ಐಬಿದೆ ಅಂದುಕೊಂಡು ಹಿಂದೆ ಸರಿಯುತ್ತಾರೆ. ಮೆಕ್ಸಿಕೋ ಕೊಲ್ಲಿಯಲ್ಲೂ ಹೀಗೇ ಆಗಿತ್ತು. ಪಕ್ಕದ ನಿಕ್ಷೇಪದಲ್ಲಿ ಆಗಲೇ ಬಾವಿ ಕೊರೆದಿದ್ದ ಕಂಪನಿಗಳು ಒಳ್ಳೆಯ ಲಾಭ ಮಾಡಿದವು, ಹೊರಗಿನವರಿಗೆ ಏನೂ ದಕ್ಕಲಿಲ್ಲ ಅಂತ ಹೆಂಡ್ರಿಕ್ಸ್ ಮತ್ತು ಪೋರ್ಟರ್ 1988ರಲ್ಲಿ ತೋರಿಸಿದರು. ಕೆಟ್ಟ ವರ್ಷದ ತೂಕವನ್ನು ಮಾತ್ರ ಮುಚ್ಚಿಡಬೇಡಿ. ಒಮ್ಮೆ ಮುಚ್ಚಿಟ್ಟರೆ ಒಳ್ಳೆಯ ವರ್ಷದ್ದನ್ನೂ ಯಾರೂ ನಂಬುವುದಿಲ್ಲ.

ಇನ್ನು ಬಗೆಗಳನ್ನು ಒಂದೊಂದಾಗಿ ತೂಗೋಣ.

ಕೂಗು ಹರಾಜು ಮೊದಲನೇ ಪ್ರಶ್ನೆಯಲ್ಲಿ ಗೆಲ್ಲುತ್ತದೆ, ನಂಬಿಕೆಯಲ್ಲೂ ಗೆಲ್ಲುತ್ತದೆ. ಎಲ್ಲರ ಕಣ್ಣೆದುರೇ ಆಗುವ ಕೆಲಸ. ಸೋಲುವುದು ಎರಡನೇ ಪ್ರಶ್ನೆಯಲ್ಲಿ. ಬರುವ ನಾಲ್ವರೂ ಒಂದೇ ಹೋಟೆಲಿನಲ್ಲಿ ಟೀ ಕುಡಿದು ಬರುವವರಾದರೆ "ಈ ಸಲ ನಿಂದು, ಮುಂದಿನ ಸಲ ನಂದು" ಅಂತ ಮುಗಿದಿರುತ್ತದೆ. ಕೂಗಿನಲ್ಲಿ ಆ ಒಪ್ಪಂದ ಮುರಿಯುವುದು ಕಷ್ಟ. ಒಬ್ಬ ಮಾತು ತಪ್ಪಿ ಕೂಗಿದರೆ ಅಲ್ಲೇ ಎಲ್ಲರಿಗೂ ಕಾಣುತ್ತದೆ, ಮಿಕ್ಕವರು ಅಲ್ಲೇ ಮೇಲೇರಿಸಿ ಅವನ ಲಾಭ ಕಿತ್ತುಕೊಳ್ಳುತ್ತಾರೆ. ಗುರುತಿಸುವುದು ಹೇಗೆ? ಕೂಗು ಸರ್ಕಾರಿ ಸವಾಲಿನ ಮೇಲೆ ಎರಡೇ ಹೆಜ್ಜೆಗೆ ನಿಲ್ಲುತ್ತದೆ. ಗೆಲ್ಲುವವರು ವರ್ಷವರ್ಷ ಸರದಿಯ ಮೇಲೆ ಬದಲಾಗುತ್ತಾರೆ. ಹರಾಜಾದ ವಾರದಲ್ಲೇ ಸೋತವನ ಆಳುಗಳು ನಿಮ್ಮ ಮರದ ಕೆಳಗೆ ಕಾಣಿಸಿಕೊಳ್ಳುತ್ತಾರೆ.

ಮುಚ್ಚಿದ ಲಕೋಟೆಯ ಬಲ ಅಲ್ಲೇ ಇದೆ. ಗುಟ್ಟಾಗಿ ಒಂದು ಸಾವಿರ ಜಾಸ್ತಿ ಬರೆದು ಕೂಟಕ್ಕೆ ಕೈಕೊಡುವ ಆಸೆ ಎಲ್ಲರಿಗೂ ಇರುತ್ತದೆ, ಮೊದಲೇ ಸಿಕ್ಕಿಬೀಳುವ ಭಯವಿಲ್ಲ. ಸಣ್ಣವರೂ ಬರುತ್ತಾರೆ. ಕೂಗಿನಲ್ಲಿ ದೊಡ್ಡ ಕುಳದ ಮುಂದೆ ನಿಂತರೆ ಸೋಲು ಖಾತ್ರಿ, ಲಕೋಟೆಯಲ್ಲಿ ದೊಡ್ಡ ಕುಳ ಉದಾಸೀನ ಮಾಡಿ ಕಡಿಮೆ ಬರೆದರೆ ತನಗೂ ಒಂದು ಕೈ ಸಿಗಬಹುದು ಅನ್ನುವ ಆಸೆ. ಆದರೆ ಗೆದ್ದವನ ಗೋಳು ಜೋರಾಗಿ ಕಾಣುವುದೂ ಇಲ್ಲೇ. ಹೊಸಬರು ಕಳೆಯಬೇಕಾದ್ದನ್ನು ಕಳೆಯದೆ ಬರೆದುಬಿಡುತ್ತಾರೆ. ಹುಡುಗರು "ಟೆಂಡರಿನಲ್ಲಿ ಜಾಸ್ತಿ ಬರುತ್ತೆ" ಅಂದದ್ದು ಬಹುಶಃ ಇಂಥ ಒಂದು ಲಕೋಟೆ ನೋಡಿ. 1 ಲಕ್ಷದ ಫಸಲಿಗೆ 1,13,000 ಬರೆದವನು ಅರ್ಧ ಮರ ಉದುರಿಸುವಷ್ಟರಲ್ಲಿ ಸತ್ಯ ತಿಳಿದುಕೊಳ್ಳುತ್ತಾನೆ. ಆಮೇಲೆ ಫೋನ್ ಎತ್ತುವುದಿಲ್ಲ. ನೀವು ಹಿಡಿದಿರುವುದು ಹತ್ತು ಸಾವಿರ ಠೇವಣಿ, ಅವನು ಬಿಟ್ಟುಹೋದದ್ದು ಕೊಯ್ಯದ ಅರ್ಧ ಫಸಲು. ಹಾಗಾಗಿ ಲಕೋಟೆಗೆ ಹೋದರೆ ಮುಂಗಡ ದೊಡ್ಡದಿರಬೇಕು, ಉದುರಿಸಲು ಬಿಡುವ ಮುಂಚೆ ಬಹುಪಾಲು ದುಡ್ಡು ಕೈಗೆ ಬಂದಿರಬೇಕು. ಮೊದಲ ಲಕೋಟೆಗೂ ಎರಡನೆಯದಕ್ಕೂ ಅಜಗಜಾಂತರ ಇದ್ದರೆ ಖುಷಿಪಡಬೇಡಿ, ಅದು ಮುಂದಿನ ಜಗಳದ ಮುನ್ಸೂಚನೆ.

ಎರಡನೇ ಬೆಲೆಯ ಲಕೋಟೆ ಪುಸ್ತಕದಲ್ಲಿ ಚೆಂದ. ಊರಿನಲ್ಲಿ ನಾನು ಇದನ್ನು ಯಾರಿಗೂ ಹೇಳುವುದಿಲ್ಲ. 1990ರಲ್ಲಿ ನ್ಯೂಜಿಲೆಂಡ್ ಸರ್ಕಾರ ರೇಡಿಯೋ ತರಂಗಗಳನ್ನು ಹೀಗೆ ಮಾರಿತು. ಒಬ್ಬರು 1 ಲಕ್ಷ ಡಾಲರ್ ಬರೆದು ಗೆದ್ದರು, ಕೊಟ್ಟದ್ದು 6 ಡಾಲರ್. ಇನ್ನೊಬ್ಬರು 70 ಲಕ್ಷ ಬರೆದು 5 ಸಾವಿರ ಕೊಟ್ಟರು. ಕನಿಷ್ಠ ಬೆಲೆ ಇಟ್ಟಿರಲಿಲ್ಲ, ಕೂಗುವವರೂ ಕಡಿಮೆ ಇದ್ದರು. ಬೆಲೆ ಅವರವರ ಮನಸ್ಸಿನದಾದರೆ ಲೆಕ್ಕದ ಪ್ರಕಾರ ಅದು ಕೂಗಿನಂತೆಯೇ. ಆದರೆ ಕೂಗಿನಲ್ಲಿ ಗೆದ್ದವನು ಎಷ್ಟರವರೆಗೆ ಹೋಗಲು ತಯಾರಿದ್ದ ಅನ್ನುವುದು ಯಾರಿಗೂ ಕಾಣುವುದಿಲ್ಲ, ಇಲ್ಲಿ ಪೇಪರಿನಲ್ಲಿ ಬರುತ್ತದೆ. "80 ಬರೆದವನಿಗೆ 60ಕ್ಕೆ ಯಾಕೆ ಕೊಟ್ರಿ" ಅಂತ ಊರಸಭೆಯಲ್ಲಿ ಕೇಳಿದರೆ ಮೈಯರ್ಸನ್ ಬಂದು ಉತ್ತರ ಹೇಳುವುದಿಲ್ಲ. ಸಮಿತಿಯವರೇ ಒಂದು ಸುಳ್ಳು ಎರಡನೇ ಲಕೋಟೆ ತುರುಕಿದರೆ ಗೆದ್ದವನಿಗೆ ತಿಳಿಯುವ ದಾರಿಯೂ ಇಲ್ಲ.

ಇಳಿ ಹರಾಜಿಗೆ ಒಂದೇ ಕಾರಣ: ವೇಗ. ಬೆಳಿಗ್ಗೆ ನೂರಾರು ಬಕೆಟ್ ಗುಲಾಬಿ ಬಾಡುವ ಮುಂಚೆ ಮಾರಬೇಕಾದವರಿಗೆ ಅದು ಸರಿ. ವರ್ಷಕ್ಕೊಂದು ಸಲ 32 ಮರ ಮಾರುವವರಿಗೆ ಬೇಡ.

ನಿಮ್ಮ ಸಮಿತಿಯ ವಿಷಯಕ್ಕೆ ಬಂದರೆ, ಐದಾರು ಜನ ಬರುತ್ತಾರೆ, ಎರಡು ಮೂರು ಬೇರೆ ಬೇರೆ ಊರಿನವರು ಅನ್ನುವುದಾದರೆ ತೂಕ ಪ್ರಕಟಿಸಿ ಕೂಗಿಸಿ. ಹುಡುಗರಿಗೆ ಬೇಜಾರಾದರೂ ಪರವಾಗಿಲ್ಲ. ಮೂರೇ ಜನ, ಮೂವರೂ ನೆಂಟರು ಅನ್ನುವುದಾದರೆ ಹುಡುಗರ ಮಾತೇ ಸರಿ, ಲಕೋಟೆ ಕರೆಯಿರಿ, ಸರ್ಕಾರಿ ಸವಾಲನ್ನು ಗಟ್ಟಿಯಾಗಿ ಇಡಿ. ಎರಡೂ ಅನುಮಾನ ಇದ್ದರೆ ಮಧ್ಯದ ದಾರಿಯೂ ಇದೆ: ಇಬ್ಬರು ಉಳಿಯುವವರೆಗೆ ಕೂಗಿಸಿ, ಕೊನೆಗೆ ಆ ಇಬ್ಬರಿಂದಲೂ ಒಂದೊಂದು ಚೀಟಿ ತೆಗೆದುಕೊಳ್ಳಿ. ಕೂಗಿನಲ್ಲಿ ಸುದ್ದಿ ಹರಡುತ್ತದೆ, ಚೀಟಿಯಲ್ಲಿ ಒಪ್ಪಂದ ಮುರಿಯುತ್ತದೆ. ಕ್ಲೆಂಪರರ್ ಇದನ್ನು ತುಂಬಾ ಹೇಳುತ್ತಾರೆ. ನಿಯಮವನ್ನು ಮಾತ್ರ ಮೊದಲೇ ಬರೆದು ಓದಿ ಹೇಳಿ, ಮಧ್ಯದಲ್ಲಿ ಬದಲಾಯಿಸಿದರೆ ಗಲಾಟೆಯಾಗುತ್ತದೆ.

ಮರ ಹಿಡಿಯುವವರಿಗೆ

ಈ ಸಲ ಮರ ನೋಡಿ ಬಂದ ಮೇಲೆ ಒಂದು ಕೆಲಸ ಮಾಡಿ. ಖರ್ಚು ಕಳೆದು ನಿಮ್ಮ ಅಂದಾಜು ಒಂದು ಕಾಗದದ ಮೇಲೆ ಬರೆಯಿರಿ. ಅದರ ಕೆಳಗೆ, ಇಂಥ ತೋಪಿನಲ್ಲಿ ನಿಮ್ಮ ಅಂದಾಜು ಹಿಂದೆ ಎಷ್ಟರವರೆಗೆ ತಪ್ಪಿದೆ ಅಂತ ಬರೆಯಿರಿ. ಸೋತ ವರ್ಷಗಳದ್ದನ್ನೂ ಸೇರಿಸಿ. ಗೆದ್ದವನು ಕೊನೆಗೆ ಎಷ್ಟು ಕ್ವಿಂಟಾಲ್ ಇಳಿಸಿದ ಅಂತ ಮಂಡಿಯಲ್ಲಿ ಕೇಳಿದರೆ ತಿಳಿಯುತ್ತದೆ. ಆಮೇಲೆ ಕಣ್ಣು ಮುಚ್ಚಿ ಹೀಗೆ ಅಂದುಕೊಳ್ಳಿ: "ನಾನು ಗೆದ್ದೆ. ಮಿಕ್ಕ ನಾಲ್ವರೂ ಈ ಮರಗಳನ್ನು ನೋಡಿ ನನಗಿಂತ ಕಡಿಮೆ ಅಂದರು. ಈಗಲೂ ನನ್ನ ಅಂದಾಜು ಅಷ್ಟೇನಾ?" ಅಷ್ಟೇ ಆಗಿರುವುದಿಲ್ಲ. ಎಷ್ಟು ಇಳಿಯಿತೋ ಅದೇ ನಿಮ್ಮ ಹೊಸ ಅಂದಾಜು. ನಿಮ್ಮ ಲಾಭವನ್ನು ಅದರಿಂದ ಕಳೆಯಿರಿ, ಮೊದಲಿನದರಿಂದಲ್ಲ.

ಲಕೋಟೆಯಾದರೆ ಆ ಮೊತ್ತ ಬರೆದು ಅಂಟಿಸಿಬಿಡಿ. ಕೂಗಾದರೆ ಮಾತ್ರ ಸ್ವಲ್ಪ ಸಡಿಲ ಬಿಡಬಹುದು, ಮರ ಬಲ್ಲವರು ಇನ್ನೂ ಕೂಗುತ್ತಿದ್ದಾರೆ ಅನ್ನುವುದಾದರೆ. ಅವರೆಲ್ಲ ಬೇಗ ಸುಮ್ಮನಾಗಿ, ನಿಮ್ಮ ಎದುರು ಉಳಿದಿರುವುದು ಹೋದ ಚುನಾವಣೆಯಲ್ಲಿ ನಿಮ್ಮ ವಿರುದ್ಧ ನಿಂತವನೊಬ್ಬನೇ ಆದರೆ, ಕಾಗದವನ್ನು ಜೇಬಿಗೆ ಹಾಕಿಕೊಂಡು ಟೀ ಅಂಗಡಿ ಕಡೆ ಹೊರಡಿ.